ದಿನವೂ ಕಟ್ಟಲು ತೆಳು ಚೈನ್ ವಾಚು: ಅಳತೆ, ಯಂತ್ರ, ಪೆಟ್ಟಿನಿಂದ ರಕ್ಷಣೆ

ಹೆಣ್ಣುಮಕ್ಕಳ ಚೈನ್ ವಾಚುಗಳನ್ನು ಕೊಳ್ಳುವಾಗ ಮೊದಲು ಕಣ್ಣಿಗೆ ಬೀಳುವುದು ಡಯಲಿನ ಬಣ್ಣ ಮತ್ತು ಕೇಸಿನ ಅಗಲ. ಎಷ್ಟು ದಪ್ಪ ಎಂದು ಕೇಳುವವರು ಕಡಿಮೆ. ವಾಚು ದಿನವೂ ಕೈಮೇಲೆ ಇರಬೇಕಾದರೆ ನಾನು ಮೊದಲು ನೋಡುವುದು ದಪ್ಪವನ್ನೇ. ಒಳಗೆ ಯಾವ ಯಂತ್ರ ಕೂರಬಹುದು, ಗಾಜಿಗೂ ಮುಳ್ಳಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ, ಬಾಗಿಲ ಚೌಕಟ್ಟಿಗೆ ತಾಗಿದಾಗ ಏನಾಗುತ್ತದೆ ಎಂಬ ಮೂರಕ್ಕೂ ಉತ್ತರ ಆ ಒಂದು ಅಳತೆಯಲ್ಲೇ ಇದೆ. ಈ ಮಾರ್ಗದರ್ಶಿಯ ಉದ್ದಕ್ಕೂ ಒಬ್ಬ ಗ್ರಂಥಪಾಲಕಿಯ ಉದಾಹರಣೆ ಇಟ್ಟುಕೊಳ್ಳೋಣ. ದಿನವಿಡೀ ಕಪಾಟುಗಳ ನಡುವೆ ಕೈಯಾಡಿಸುವ ಕೆಲಸ, ಸಣ್ಣ ಮಣಿಕಟ್ಟು. ಬೆಳಿಗ್ಗೆ ಕಟ್ಟಿದರೆ ರಾತ್ರಿ ಬಿಚ್ಚುವಂಥ ತೆಳು ವಾಚು ಅವರಿಗೆ ಬೇಕಾಗಿದೆ.

ಮೊದಲು ಮಣಿಕಟ್ಟನ್ನು ಅಳೆಯಿರಿ

ಎರಡು ಅಳತೆ ಬೇಕು. ಒಂದು ಸುತ್ತಳತೆ. ಕಿರುಬೆರಳಿನ ಬದಿಯಲ್ಲಿ ಮಣಿಕಟ್ಟಿನ ಹೊರಗೆ ಉಬ್ಬಿರುವ ಮೂಳೆ ಇದೆಯಲ್ಲ, ಅದರಿಂದ ಮೊಣಕೈ ಕಡೆಗೆ ಸ್ವಲ್ಪ ಹಿಂದೆ ಟೇಪು ಸುತ್ತಿ ಅಳೆಯಿರಿ. ವಾಚು ಕೂರಬೇಕಾದ ಜಾಗವೂ ಅದೇ. ಮೂಳೆಯ ಮುಂದೆ, ಅಂಗೈ ಕಡೆಗೆ ಕಟ್ಟಿದರೆ ಕೈ ಮಡಚಿದಾಗಲೆಲ್ಲ ಕ್ರೌನ್, ಅಂದರೆ ಸಮಯ ತಿರುಗಿಸುವ ಗುಂಡಿ, ಹಸ್ತದ ಹಿಂಬದಿಗೆ ಒತ್ತುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ನೋಡಿ. ಸೆಕೆಯಿದ್ದರೆ, ಕೆಲಸ ಮಾಡಿ ದಣಿದಿದ್ದರೆ ಸಂಜೆಯ ಅಳತೆ ಕೆಲವು ಮಿಲಿಮೀಟರ್ ಹೆಚ್ಚು ಬರುತ್ತದೆ. ಚೈನು ಕೂಡಿಸುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಎರಡನೆಯದು ಮಣಿಕಟ್ಟಿನ ಮೇಲ್ಭಾಗದಲ್ಲಿ ಸಮತಟ್ಟಾಗಿರುವಷ್ಟು ಅಗಲ. ಇದನ್ನು ಟೇಪಿನಿಂದ ಅಳೆಯಬೇಡಿ. ಟೇಪು ಬಳುಕಿ ಹೆಚ್ಚು ತೋರಿಸುತ್ತದೆ. ಗಟ್ಟಿ ಸ್ಕೇಲನ್ನು ಮಣಿಕಟ್ಟಿನ ಮೇಲೆ ಅಡ್ಡಲಾಗಿ ಇಟ್ಟು, ಚರ್ಮ ಕೆಳಗೆ ಇಳಿಯಲು ಶುರುವಾಗುವ ಎರಡು ತುದಿಗಳ ನಡುವಿನ ದೂರ ನೋಡಿ. ನಮ್ಮ ಗ್ರಂಥಪಾಲಕಿಯ ಸುತ್ತಳತೆ 14.5 ಸೆಂ.ಮೀ., ಸಮತಟ್ಟು ಅಗಲ 44 ಮಿ.ಮೀ. ಸುತ್ತಳತೆ ಒಂದೇ ಇದ್ದರೂ ಒಬ್ಬರ ಮಣಿಕಟ್ಟು ದುಂಡಗೆ, ಇನ್ನೊಬ್ಬರದು ಚಪ್ಪಟೆಯಾಗಿ ಇರಬಹುದು. ಹಾಗಾಗಿ ಸುತ್ತಳತೆಯೊಂದನ್ನೇ ನೋಡಿ ಕೇಸಿನ ಅಳತೆ ಹೇಳುವ ಪಟ್ಟಿಗಳನ್ನು ನಾನು ನಂಬುವುದಿಲ್ಲ.

ಕೇಸಿನ ಅಗಲಕ್ಕಿಂತ ಉದ್ದ ಮುಖ್ಯ

ವಾಚಿನ ವಿವರದಲ್ಲಿ ದೊಡ್ಡದಾಗಿ ಬರೆದಿರುವುದು ಕೇಸಿನ ವ್ಯಾಸ. ಹೆಣ್ಣುಮಕ್ಕಳ ವಾಚುಗಳಲ್ಲಿ ಇದು ಸಾಮಾನ್ಯವಾಗಿ 22ರಿಂದ 36 ಮಿ.ಮೀ. ತನಕ ಇರುತ್ತದೆ. ಆದರೆ ಕೈಮೇಲೆ ವಾಚು ದೊಡ್ಡದೆನಿಸುವುದು ಅಥವಾ ಹದವಾಗಿ ಕೂರುವುದು ಲಗ್‌ಗಳ ತುದಿಯಿಂದ ತುದಿಗಿರುವ ಉದ್ದದಿಂದ. ಚೈನನ್ನು ಹಿಡಿದಿಡಲು ಕೇಸಿನಿಂದ ಮೇಲಕ್ಕೂ ಕೆಳಕ್ಕೂ ಚಾಚಿಕೊಂಡಿರುವ ತೋಳುಗಳೇ ಲಗ್‌ಗಳು. ಈ ಉದ್ದ ನಿಮ್ಮ ಸಮತಟ್ಟು ಅಗಲಕ್ಕಿಂತ ಕಡಿಮೆ ಇರಬೇಕು.

ಚೈನ್ ವಾಚಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚೈನಿನ ಮೊದಲ ಕೊಂಡಿ ಲಗ್ ಬಳಿಯೇ ಕೆಳಕ್ಕೆ ಮಡಚಿಕೊಳ್ಳುತ್ತದೆಯೇ, ಅಥವಾ ಕೇಸಿಗೆ ಬಿಗಿದಂತೆ ಅಡ್ಡಲಾಗಿ ಚಾಚಿಕೊಂಡೇ ಇರುತ್ತದೆಯೇ ಎಂದು ನೋಡಬೇಕು. ಚಾಚಿಕೊಂಡಿದ್ದರೆ ಆ ಕೊಂಡಿಗಳನ್ನೂ ವಾಚಿನ ಉದ್ದಕ್ಕೇ ಸೇರಿಸಿ ಲೆಕ್ಕ ಹಾಕಿ. ಕೇಸೂ ಚೈನೂ ಒಂದೇ ತುಂಡಿನಂತೆ ಕಾಣುವ ವಿನ್ಯಾಸಗಳಲ್ಲಿ ಇದು ಹೆಚ್ಚು. ಪರೀಕ್ಷೆ ಸುಲಭ. ವಾಚನ್ನು ಎರಡು ಬೆರಳುಗಳಲ್ಲಿ ಹಿಡಿದು ಡಯಲ್ ಮೇಲ್ಮುಖವಾಗಿರಲಿ, ಚೈನು ಎರಡೂ ಕಡೆ ಇಳಿಬೀಳಲಿ. ಚೈನು ನೇರ ಕೆಳಕ್ಕೆ ಇಳಿಯುವ ಎರಡು ಬಿಂದುಗಳ ನಡುವಿನ ದೂರವೇ ನಿಜವಾದ ಉದ್ದ.

ಗ್ರಂಥಪಾಲಕಿಯ ಮುಂದೆ ಮೂರು ವಾಚುಗಳಿವೆ ಎಂದುಕೊಳ್ಳಿ. ಮೊದಲನೆಯದು 28 ಮಿ.ಮೀ. ಅಗಲ, 6.5 ಮಿ.ಮೀ. ದಪ್ಪದ ಕ್ವಾರ್ಟ್ಜ್ ವಾಚು. ಚೈನು ಇಳಿಯುವ ತನಕದ ಉದ್ದ 38 ಮಿ.ಮೀ. ಎರಡನೆಯದು 34 ಮಿ.ಮೀ. ಅಗಲ, 10.5 ಮಿ.ಮೀ. ದಪ್ಪದ ಆಟೊಮ್ಯಾಟಿಕ್, ಮೊದಲ ಕೊಂಡಿ ಬಿಗಿಯಾಗಿರುವುದರಿಂದ ಉದ್ದ 47 ಮಿ.ಮೀ. ಮೂರನೆಯದು 30 ಮಿ.ಮೀ. ಅಗಲವಿದ್ದರೂ ದಪ್ಪ ಕೇವಲ 4.8 ಮಿ.ಮೀ.; ಇದೂ ಕ್ವಾರ್ಟ್ಜ್, ಉದ್ದ 40. ಎರಡನೆಯದು ಅವರ 44 ಮಿ.ಮೀ. ಸಮತಟ್ಟನ್ನು ಮೀರುತ್ತದೆ. ಕಟ್ಟಿದಾಗ ಕೇಸಿನ ಎರಡೂ ಬದಿಯಲ್ಲಿ ಚರ್ಮಕ್ಕೂ ಚೈನಿಗೂ ನಡುವೆ ಸಂದು ಕಾಣುತ್ತದೆ, ವಾಚು ಅತ್ತಿತ್ತ ಓಲಾಡುತ್ತದೆ. ಓಲಾಡುವ ವಾಚು ಮೇಜಿನ ಅಂಚಿಗೆ, ಕಪಾಟಿಗೆ ಬಡಿಯುತ್ತಲೇ ಇರುತ್ತದೆ. ಹಾಗಾಗಿ ಅದನ್ನು ಬಿಡಬೇಕಾಯಿತು. ಉಳಿದ ಎರಡರಲ್ಲಿ ಯಾವುದು ಎಂಬುದನ್ನು ಅಗಲ ನೋಡಿ ತೀರ್ಮಾನಿಸಲಾಗದು.

ಯಂತ್ರವೇ ದಪ್ಪವನ್ನು ನಿರ್ಧರಿಸುತ್ತದೆ

ಒಳಗಿನ ಯಂತ್ರ ಮೂರು ಬಗೆ. ಸೆಲ್‌ನಿಂದ ಓಡುವ ಕ್ವಾರ್ಟ್ಜ್, ಕೀ ಕೊಡುವ ವಾಚು, ಕೈಯ ಚಲನೆಯಿಂದ ತಾನೇ ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್.

ಆಟೊಮ್ಯಾಟಿಕ್‌ನಲ್ಲಿ ಯಂತ್ರದ ಬೆನ್ನಿನ ಮೇಲೆ ಅರ್ಧಚಂದ್ರಾಕಾರದ ಭಾರದ ತಗಡೊಂದು ತಿರುಗುತ್ತದೆ. ಅದನ್ನು ರೋಟರ್ ಎನ್ನುತ್ತಾರೆ. ಅದು ತಿರುಗಾಡಲು ಜಾಗ ಬೇಕಾದ್ದರಿಂದಲೇ ಈ ವಾಚುಗಳು ದಪ್ಪ. ಸಣ್ಣ ಕೇಸಿಗಾಗಿ ರೋಟರನ್ನು ಕಿರಿದು ಮಾಡಿದರೆ ಅದರ ತೂಕ ಕಡಿಮೆಯಾಗಿ ಕೀ ಕೊಡುವ ಶಕ್ತಿಯೂ ಇಳಿಯುತ್ತದೆ. ಮೇಜಿನ ಮುಂದೆ ಕೈ ಹೆಚ್ಚು ಆಡಿಸದೆ ಕೂರುವವರ ಸಣ್ಣ ಆಟೊಮ್ಯಾಟಿಕ್ ವಾಚು ರಾತ್ರಿ ನಿಂತುಹೋಗುವುದಕ್ಕೆ ಬಹುತೇಕ ಇದೇ ಕಾರಣ, ದೋಷವಲ್ಲ. ಸಾಮಾನ್ಯವಾಗಿ ಪೂರ್ತಿ ಕೀ ಸಿಕ್ಕಾಗ ಇಂಥ ವಾಚು ಸುಮಾರು 40 ಗಂಟೆ ಓಡುತ್ತದೆ. ಶನಿವಾರ ಬಿಚ್ಚಿಟ್ಟರೆ ಸೋಮವಾರ ಸಮಯ ಕೂಡಿಸಬೇಕು.

ಕೀ ಕೊಡುವ ವಾಚಿನಲ್ಲಿ ರೋಟರ್ ಇಲ್ಲ, ಹಾಗಾಗಿ ತೆಳುವಾಗಿಯೂ ಚಿಕ್ಕದಾಗಿಯೂ ಮಾಡಬಹುದು. ಎಷ್ಟು ಚಿಕ್ಕದೆಂದರೆ, ಜೇಗರ್-ಲಕೂಲ್ಟ್ರ್ ಸಂಸ್ಥೆ 1929ರಲ್ಲಿ ತಂದ ಕ್ಯಾಲಿಬರ್ 101 ಎಂಬ ಯಂತ್ರದ ತೂಕ ಸುಮಾರು ಒಂದು ಗ್ರಾಂ. ರಾಣಿ ಎರಡನೇ ಎಲಿಜಬೆತ್ 1953ರ ಪಟ್ಟಾಭಿಷೇಕಕ್ಕೆ ಕಟ್ಟಿದ್ದ ವಾಚಿನಲ್ಲಿ ಇದ್ದುದು ಇದೇ. ಆ ಕೈಚಳಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಯಂತ್ರ ಚಿಕ್ಕದಾದಷ್ಟೂ ಅತ್ತಿತ್ತ ತೂಗಿ ಸಮಯ ಹಿಡಿದಿಡುವ ಅದರ ತೂಗುಚಕ್ರ ಚಿಕ್ಕದಾಗುತ್ತದೆ, ಅದನ್ನು ಹೊತ್ತ ಅಕ್ಷದ ತುದಿ ಕೂದಲಿಗಿಂತ ಸಣ್ಣದಾಗುತ್ತದೆ. ಇಂಕಾಬ್ಲಾಕ್‌ನಂಥ ವ್ಯವಸ್ಥೆಗಳು 1930ರ ದಶಕದಿಂದ ಬಂದಿರುವುದು ಈ ತುದಿಯನ್ನು ಉಳಿಸಲಿಕ್ಕೇ. ತುದಿ ಕೂರುವ ಕಲ್ಲನ್ನು ಸಣ್ಣ ಸ್ಪ್ರಿಂಗ್ ಹಿಡಿದಿರುತ್ತದೆ. ಪೆಟ್ಟು ಬಿದ್ದಾಗ ಕಲ್ಲು ತುಸು ಸರಿದು, ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಹಳೆಯ ಕಿರಿ ವಾಚುಗಳಲ್ಲಿ ಎಷ್ಟೋ ಸಲ ಈ ವ್ಯವಸ್ಥೆ ಇರುವುದಿಲ್ಲ. ಅಜ್ಜಿಯ ಕಾಲದ ಕೀ ಕೊಡುವ ವಾಚು ಸಿಕ್ಕಿದ್ದರೆ ದಿನಬಳಕೆಗೆ ಕಟ್ಟುವ ಮುನ್ನ ವಾಚ್ ರಿಪೇರಿಯವರಲ್ಲಿ ಹಿಂಬದಿ ತೆಗೆಸಿ ಇದನ್ನು ಕೇಳಿ ತಿಳಿಯಿರಿ.

ಕ್ವಾರ್ಟ್ಜ್‌ನಲ್ಲಿ ತೂಗುಚಕ್ರವೇ ಇಲ್ಲ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು ಸಮಯ ಹಿಡಿದಿಡುತ್ತದೆ, ಪುಟ್ಟ ಮೋಟಾರು ಮುಳ್ಳುಗಳನ್ನು ನಡೆಸುತ್ತದೆ. ಸಾಮಾನ್ಯ ಕ್ವಾರ್ಟ್ಜ್ ತಿಂಗಳಿಗೆ 15 ಸೆಕೆಂಡಿನ ಆಸುಪಾಸಿನಲ್ಲಿ ಹೆಚ್ಚುಕಮ್ಮಿ ಆಗುತ್ತದೆ; ಯಾಂತ್ರಿಕ ವಾಚಿನಲ್ಲಿ, ಅಂದರೆ ಕೀ ಕೊಡುವ ಅಥವಾ ಆಟೊಮ್ಯಾಟಿಕ್ ವಾಚಿನಲ್ಲಿ, ಅಷ್ಟು ವ್ಯತ್ಯಾಸ ಒಂದೇ ದಿನದಲ್ಲಿ ಆಗಬಹುದು. ತೆಳುವಾಗಿರಬೇಕು, ದಿನವೂ ಪೆಟ್ಟಿಗೆ ಒಡ್ಡಿಕೊಳ್ಳಬೇಕು ಎಂಬ ಎರಡೂ ಬೇಡಿಕೆ ಒಟ್ಟಿಗೆ ಬಂದರೆ ನನ್ನ ಆಯ್ಕೆ ಕ್ವಾರ್ಟ್ಜ್. ಯಾಂತ್ರಿಕ ವಾಚನ್ನು ಪ್ರೀತಿಸುವವರಿಗೆ ಇದು ಬೇಸರ ತರಬಹುದು. ಅವರು 9–10 ಮಿ.ಮೀ. ದಪ್ಪವನ್ನು ಒಪ್ಪಿಕೊಂಡು ಆಟೊಮ್ಯಾಟಿಕ್ ಕೊಳ್ಳುವುದು ಒಳ್ಳೆಯದು, ಅಥವಾ ಕೀ ಕೊಡುವ ತೆಳು ವಾಚನ್ನು ಕೈಗೆ ಕೆಲಸ ಕಡಿಮೆ ಇರುವ ದಿನಗಳಿಗೆ ಇಟ್ಟುಕೊಳ್ಳಬೇಕು.

ಸೆಲ್ ಬಗ್ಗೆ ಒಂದು ಮಾತು. ತೆಳು ವಾಚಿಗೆ ತೆಳು ಸೆಲ್, ಅಂದರೆ ಆಯಸ್ಸೂ ಕಡಿಮೆ. ಎರಡು ವರ್ಷದ ಆಸುಪಾಸು ಎಂದು ಲೆಕ್ಕ ಇಟ್ಟುಕೊಳ್ಳಿ. ಹಲವು ವಾಚುಗಳಲ್ಲಿ ಸೆಲ್ ಮುಗಿಯುವ ಹೊತ್ತಿಗೆ ಸೆಕೆಂಡ್ ಮುಳ್ಳು ಎರಡೆರಡು ಅಥವಾ ನಾಲ್ಕು ನಾಲ್ಕು ಸೆಕೆಂಡಿಗೆ ಒಮ್ಮೆ ಹಾರುತ್ತದೆ. ಸೆಕೆಂಡ್ ಮುಳ್ಳೇ ಇಲ್ಲದ ತೆಳು ವಾಚಿನಲ್ಲಿ ಆ ಸೂಚನೆ ಕಾಣುವುದಿಲ್ಲ, ಒಂದು ದಿನ ಸುಮ್ಮನೆ ನಿಂತುಬಿಡುತ್ತದೆ. ನಿಂತ ಸೆಲ್ಲನ್ನು ಒಳಗೇ ಬಿಡಬೇಡಿ. ಅದು ಸೋರಿದರೆ ಯಂತ್ರ ಹಾಳು.

ತೆಳು ಕೇಸಿಗೆ ಪೆಟ್ಟು ಎಲ್ಲಿ ನಾಟುತ್ತದೆ

ದಪ್ಪ ವಾಚು ಎದ್ದು ನಿಂತಿರುವುದರಿಂದ ಅದಕ್ಕೆ ಹೆಚ್ಚು ಸಲ ಪೆಟ್ಟು ಬೀಳುತ್ತದೆ. ತೆಳು ವಾಚಿಗೆ ಪೆಟ್ಟು ಕಡಿಮೆ, ಆದರೆ ಬಿದ್ದದ್ದು ಒಳಗಿನ ತನಕ ಮುಟ್ಟುತ್ತದೆ. ಗಾಜು ತೆಳು, ಹಿಂಬದಿಯ ಮುಚ್ಚಳ ತೆಳು, ಗಾಜಿಗೂ ಮುಳ್ಳುಗಳಿಗೂ ನಡುವಿನ ಸಂದು ಮಿಲಿಮೀಟರಿನ ಒಂದು ಭಾಗ ಮಾತ್ರ. ನೀರು ತಡೆಯುವ ರಬ್ಬರ್ ಉಂಗುರಕ್ಕೂ ಜಾಗ ಕಡಿಮೆ. ಅದಕ್ಕೇ ತೆಳು ವಾಚುಗಳ ಹಿಂಬದಿಯಲ್ಲಿ ಹೆಚ್ಚಾಗಿ 30 ಮೀಟರ್ ಎಂದಷ್ಟೇ ಬರೆದಿರುತ್ತದೆ. ಇದನ್ನು ಈಜಿನ ಆಳ ಎಂದು ತಿಳಿಯಬೇಡಿ. ಕೈ ತೊಳೆಯುವಾಗ ಸಿಡಿಯುವ ಹನಿ ತಡೆಯುತ್ತದೆ, ಅಷ್ಟೇ.

ಗಾಜು ಯಾವುದು ಎನ್ನುವುದಕ್ಕಿಂತ ಗಾಜಿನ ಅಂಚು ಎಲ್ಲಿದೆ ಎನ್ನುವುದು ನನಗೆ ಮುಖ್ಯ. ಸಫೈರ್ ಗಾಜಿನ ಗಡಸುತನ ಮೋಸ್ ಮಾಪಕದಲ್ಲಿ 9. ವಜ್ರ ಬಿಟ್ಟರೆ ಮನೆಯ ವಸ್ತುಗಳಲ್ಲಿ ಅದನ್ನು ಗೀರುವಂಥವು ವಿರಳ. ಆದರೆ ಗಡಸಾದದ್ದು ಬಳುಕುವುದಿಲ್ಲ. ಅಂಚಿಗೆ ಏಟು ಬಿದ್ದರೆ ಸಫೈರ್ ಚೂರು ಸಿಡಿಯುತ್ತದೆ. ಮಿನರಲ್ ಗಾಜಿಗೆ ಗೀರು ಬೀಳುವುದು ಬೇಗ, ಬದಲಾಯಿಸುವುದು ಸುಲಭ. ಅಕ್ರಿಲಿಕ್ ಇನ್ನೂ ಬೇಗ ಗೀರಿಕೊಳ್ಳುತ್ತದೆ, ಆದರೆ ಒಡೆಯುವುದು ಅಪರೂಪ. ಗೀರನ್ನು ಉಜ್ಜಿ ಹೊಳಪು ಮಾಡಬಹುದು.

ಉಗುರಿನ ತುದಿಯನ್ನು ಕೇಸಿನ ಹೊರಬದಿಯಿಂದ ಗಾಜಿನ ಮೇಲಕ್ಕೆ ಜಾರಿಸಿ ನೋಡಿ. ಮೊದಲು ಲೋಹದ ಅಂಚು ಸಿಕ್ಕಿ, ಉಗುರು ಅಲ್ಲಿಂದ ಗಾಜಿಗೆ ಇಳಿದರೆ ಅಥವಾ ಎರಡೂ ಒಂದೇ ಮಟ್ಟದಲ್ಲಿದ್ದರೆ ಒಳ್ಳೆಯದು. ಗಾಜಿನ ಅಂಚು ಲೋಹಕ್ಕಿಂತ ಮೇಲೆದ್ದು ಉಗುರಿಗೆ ತಡೆದರೆ, ಬಾಗಿಲ ಚೌಕಟ್ಟಿಗೂ ಮೊದಲು ತಡೆಯುವುದು ಅದೇ ಅಂಚು. ಮೂರನೆಯ ವಾಚನ್ನು, 4.8 ಮಿ.ಮೀ. ದಪ್ಪದ್ದನ್ನು, ನಾನು ಬೇಡವೆಂದದ್ದು ಈ ಕಾರಣಕ್ಕೆ. ಅದರ ಗಾಜು ಕೇಸಿನ ಅಂಚಿನ ತನಕ ಹರಡಿದೆ, ಲೋಹಕ್ಕಿಂತ ಮೇಲೂ ಇದೆ. ಕಪಾಟಿನಿಂದ ಪುಸ್ತಕ ಎಳೆಯುವ ಕೈಗೆ ಅದು ತಕ್ಕದ್ದಲ್ಲ. 6.5 ಮಿ.ಮೀ.ನ ಮೊದಲ ವಾಚಿನಲ್ಲಿ ಗಾಜಿನ ಸುತ್ತ ಲೋಹದ ಪಟ್ಟಿ ಇದೆ, ಗಾಜು ಅದರೊಳಗೆ ತಗ್ಗಿ ಕೂತಿದೆ. 1.7 ಮಿ.ಮೀ. ಹೆಚ್ಚು ದಪ್ಪ ಕೊಟ್ಟು ಪಡೆದದ್ದು ಆ ಪಟ್ಟಿಯನ್ನೇ. ಅವರು ಕೊಳ್ಳಬೇಕಾದದ್ದು ಅದನ್ನು.

‘ಶಾಕ್ ರೆಸಿಸ್ಟೆಂಟ್’ ಎಂದು ಬರೆದಿದ್ದರೆ ಅದು ಏನು ಹೇಳುತ್ತದೆ ಎಂದು ತಿಳಿದಿರಲಿ. ಐಎಸ್‌ಒ 1413 ಎಂಬ ಮಾನದಂಡದ ಪ್ರಕಾರ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಹಲಗೆಗೆ ಬಿದ್ದಷ್ಟು ಪೆಟ್ಟನ್ನು ವಾಚು ತಾಳಬೇಕು. ಕಲ್ಲಿನ ನೆಲ, ಟೈಲ್ಸ್ ಆ ಲೆಕ್ಕದಲ್ಲಿಲ್ಲ. ಗೀರು ಬೀಳುವುದಿಲ್ಲ ಎಂಬ ಖಾತರಿಯೂ ಅದರಲ್ಲಿಲ್ಲ.

ಚೈನು ಕೂಡಿಸುವುದೇ ದೊಡ್ಡ ರಕ್ಷಣೆ

ಕೊಂಡ ದಿನ ಅಂಗಡಿಯಲ್ಲಿ ಅವಸರದಲ್ಲಿ ಕೊಂಡಿ ತೆಗೆಸಿಕೊಂಡು ಬರುವವರೇ ಹೆಚ್ಚು. ಇದಕ್ಕೆ ಸಮಯ ಕೊಡಿ. ಸಡಿಲವಾದ ಚೈನಿನಲ್ಲಿ ವಾಚು ಕಿರುಬೆರಳ ಬದಿಗೆ ಜಾರಿ, ತನ್ನ ಪಕ್ಕೆಯನ್ನು ಹೊರಕ್ಕೆ ಒಡ್ಡಿಕೊಂಡು ನಿಲ್ಲುತ್ತದೆ. ಆಗ ಮೇಜಿನ ಅಂಚು, ನಲ್ಲಿ, ಕಾರಿನ ಬಾಗಿಲು ಎಲ್ಲಕ್ಕೂ ಗಾಜಿನ ಅಂಚೇ ಸಿಗುತ್ತದೆ.

ಕೈಯನ್ನು ಕೆಳಗೆ ಇಳಿಬಿಟ್ಟು ಎರಡು ಮೂರು ಸಲ ಅಲುಗಾಡಿಸಿ. ವಾಚು ಆ ಉಬ್ಬಿದ ಮೂಳೆಯನ್ನು ದಾಟಿ ಹಸ್ತದ ಮೇಲೆ ಬರಬಾರದು, ಡಯಲ್ ಪಕ್ಕಕ್ಕೆ ತಿರುಗಬಾರದು. ಅದೇ ವೇಳೆ ಲಾಕಿನ ಅಡಿಯಲ್ಲಿ ಕಿರುಬೆರಳಿನ ತುದಿ ತೂರುವಷ್ಟು ಸಡಿಲ ಇರಬೇಕು. ಒಂದು ಕೊಂಡಿ ತೆಗೆದರೆ ಬಿಗಿ, ಇಟ್ಟರೆ ಸಡಿಲ ಎನಿಸುವುದು ಸಾಮಾನ್ಯ, ಏಕೆಂದರೆ ಒಂದು ಕೊಂಡಿ ಎಂದರೆ ಹಲವು ಮಿಲಿಮೀಟರ್. ಲಾಕಿನ ಪಕ್ಕದಲ್ಲಿ ಸಾಲಾಗಿ ಸಣ್ಣ ರಂಧ್ರಗಳಿದ್ದರೆ ಚೈನಿನ ತುದಿಯ ಪಿನ್ನನ್ನು ಒಂದು ರಂಧ್ರ ಸರಿಸಿ ಸೂಕ್ಷ್ಮವಾಗಿ ಹೊಂದಿಸಬಹುದು. ನಾಜೂಕು ಆಭರಣದಂಥ ಲಾಕ್‌ಗಳಲ್ಲಿ ಈ ರಂಧ್ರಗಳು ಇರುವುದಿಲ್ಲ, ಅಂಥ ವಾಚು ಕೊಳ್ಳುವ ಮುನ್ನವೇ ಅರ್ಧ ಕೊಂಡಿ ಸಿಗುತ್ತದೆಯೇ ಎಂದು ಕೇಳಿ. ಜಾಲರಿ ಚೈನಿನಲ್ಲಿ ಲಾಕನ್ನೇ ಬೇಕಾದಲ್ಲಿಗೆ ಜಾರಿಸಬಹುದಾದ್ದರಿಂದ ಈ ತೊಂದರೆಯೇ ಇಲ್ಲ. ಸಂಜೆ ಕೈ ಊದುವವರಿಗೆ ಅದು ತುಂಬ ಹಿತ.

ಕೊಂಡಿಗಳನ್ನು ಎರಡೂ ಬದಿಯಿಂದ ಸಮವಾಗಿ ತೆಗೆಸಿ, ಲಾಕ್ ಮಣಿಕಟ್ಟಿನ ಅಡಿಯ ನಡುವಿಗೆ ಬರಬೇಕು. ಬೆಸ ಸಂಖ್ಯೆ ಬಂದರೆ ಹೆಚ್ಚಿನ ಒಂದನ್ನು 6ರ ಬದಿಯಿಂದ ತೆಗೆಯಿರಿ. ಮನೆಯಲ್ಲೇ ಮಾಡುವುದಾದರೆ ಕೊಂಡಿಯ ಒಳಬದಿಯ ಬಾಣದ ಗುರುತು ನೋಡಿ. ಪಿನ್ನನ್ನು ಬಾಣದ ದಿಕ್ಕಿಗೆ ತಳ್ಳಿ ಹೊರತೆಗೆಯಬೇಕು, ಹಾಕುವಾಗ ಬಾಣಕ್ಕೆ ಎದುರಾಗಿ ಸೇರಿಸಬೇಕು. ಕೆಲವು ಚೈನುಗಳಲ್ಲಿ ಪಿನ್ ಜೊತೆಗೆ ಅಕ್ಕಿಕಾಳಿಗಿಂತ ಸಣ್ಣ ಕೊಳವೆಯೊಂದು ಇರುತ್ತದೆ. ಅದು ಬಿದ್ದುಹೋದದ್ದು ತಿಳಿಯದೆ ಪಿನ್ ಹಾಕಿದರೆ ಈಗ ಸರಿ ಕಂಡರೂ ಮುಂದೆ ಪಿನ್ ಜಾರಿ ವಾಚು ಬೀಳುತ್ತದೆ. ಬಿಳಿ ಬಟ್ಟೆ ಹಾಸಿಕೊಂಡು ಕೆಲಸ ಮಾಡಿ. ತೆಗೆದ ಕೊಂಡಿಗಳನ್ನು ಎತ್ತಿಡಿ. ಚಿನ್ನದ ಲೇಪದ ಚೈನಾದರೆ ಆಮೇಲೆ ಅದೇ ಬಣ್ಣದ ಕೊಂಡಿ ಸಿಗುವುದು ಕಷ್ಟ.

ದಿನದ ತಾಗಾಟ

ಎಡಗೈಯಲ್ಲಿ ಕಟ್ಟಿ, ಕೈ ಇಳಿಬಿಟ್ಟು ನಡೆಯುವಾಗ ಡಯಲ್ ದೇಹದಿಂದ ಹೊರಕ್ಕೆ, 6ರ ಅಂಚು ಮುಂದಕ್ಕೆ ಇರುತ್ತದೆ. ಚೌಕಟ್ಟಿಗೆ ತಾಗುವುದು ಆ ಅಂಚು. ಹಳೆಯ ವಾಚುಗಳ ಗೀರುಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಗ್ರಂಥಪಾಲಕಿ ಬಲಗೈಯಿಂದ ಪುಸ್ತಕ ಎಳೆಯುವವರಾದರೆ ವಾಚು ಎಡಗೈಯಲ್ಲಿರಲಿ, ಎಡಗೈಯಿಂದ ಎಳೆಯುವವರಾದರೆ ಬಲಗೈಯಲ್ಲಿ. ಕೆಲಸ ಮಾಡುವ ಕೈಯನ್ನು ಬಿಟ್ಟು ಕಟ್ಟುವುದೇ ಅರ್ಧ ಪೆಟ್ಟು ತಪ್ಪಿಸಿದಂತೆ.

ವಾಚು ಕಟ್ಟಿದ ಕೈಗೆ ಗಟ್ಟಿ ಬಳೆ ಬೇಡ. ಬಳೆ ಒಂದೊಂದು ಸಲ ತಾಗಿದಾಗ ಏನೂ ಕಾಣುವುದಿಲ್ಲ. ಕೆಲವೇ ತಿಂಗಳಲ್ಲಿ ಕ್ರೌನ್ ಬದಿಯ ಹೊಳಪು ಮಂಕಾಗಿ, ಲೇಪವಿದ್ದರೆ ಒಳಗಿನ ಲೋಹ ಇಣುಕುತ್ತದೆ. ವಜ್ರದ ಬಳೆ ಸಫೈರ್ ಗಾಜನ್ನೂ ಗೀರುತ್ತದೆ. ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವವರ ಲಾಕಿನ ಅಡಿ ಗೀರಾಗುವುದು ಖಂಡಿತ. ಪಾರದರ್ಶಕ ಅಂಟುಹಾಳೆಯನ್ನು ಅಲ್ಲಿ ಹಚ್ಚುವುದು ಉಪಯುಕ್ತ. ಕೇಸಿನ ಬದಿಗೆ ಹಚ್ಚಿದರೆ ಅಂಚಿನಲ್ಲಿ ಕೊಳೆ ಕೂತು ಇನ್ನಷ್ಟು ಕೆಡುತ್ತದೆ, ಹಾಗೆ ಮಾಡಿ ಎಂದು ನಾನು ಹೇಳುವುದಿಲ್ಲ.

ಕಟ್ಟುವಾಗ, ಬಿಚ್ಚುವಾಗ ಹಾಸಿಗೆಯ ಮೇಲೋ ಬಟ್ಟೆ ಹಾಸಿದ ಮೇಜಿನ ಮೇಲೋ ಕೈ ಇರಲಿ. ಟೈಲ್ಸ್ ನೆಲದ ಬಚ್ಚಲುಮನೆ ಇದಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ. ಬಿಚ್ಚಿದ ಮೇಲೆ ಲಾಕ್ ಹಾಕಿ, ಕ್ರೌನ್ ಮೇಲಕ್ಕೆ ಬರುವಂತೆ ಪಕ್ಕಕ್ಕೆ ನಿಲ್ಲಿಸಿಡಿ. ಕೈಚೀಲಕ್ಕೆ ಹಾಕುವುದಾದರೆ ಸಣ್ಣ ಬಟ್ಟೆಚೀಲದಲ್ಲಿ ಹಾಕಿ, ಚೀಲದ ಅಯಸ್ಕಾಂತದ ಗುಂಡಿಯಿಂದ ದೂರ ಇಡಿ. ಅಯಸ್ಕಾಂತದ ಹತ್ತಿರ ಕ್ವಾರ್ಟ್ಜ್ ನಿಂತು, ದೂರ ತಂದಾಗ ಮತ್ತೆ ಓಡುತ್ತದೆ. ಯಾಂತ್ರಿಕ ವಾಚು ಅಯಸ್ಕಾಂತೀಯವಾಗಿಬಿಟ್ಟರೆ ವೇಗವಾಗಿ ಓಡುತ್ತಲೇ ಇರುತ್ತದೆ, ರಿಪೇರಿಯವರೇ ಸರಿಪಡಿಸಬೇಕು.

ಜೋರಾಗಿ ಬಡಿದರೆ ನೋಡಬೇಕಾದದ್ದು

ಮೊದಲು ಗಾಜಿನ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ಸುತ್ತಲೂ ನೋಡಿ, ನಂತರ ಉಗುರು ಆಡಿಸಿ. ಚೂರು ಹಾರಿದ್ದರೆ ಅಥವಾ ಗಾಜು ಬಿರುಕುಬಿಟ್ಟಿದ್ದರೆ ಕ್ರೌನನ್ನು ಪೂರ್ತಿ ಹೊರಗೆ ಎಳೆಯಿರಿ. ಕ್ವಾರ್ಟ್ಜ್‌ನಲ್ಲಿ ಮುಳ್ಳುಗಳು ಅಲ್ಲೇ ನಿಲ್ಲುತ್ತವೆ, ಗಾಜಿನ ಪುಡಿಯನ್ನು ಡಯಲಿನ ಮೇಲೆ ಎಳೆದಾಡುವುದಿಲ್ಲ. ಹಾಗೆಯೇ ರಿಪೇರಿಗೆ ಕೊಡಿ.

ಗಾಜು ಸರಿಯಿದ್ದರೆ ಸಮಯವನ್ನು ಸರಿಯಾಗಿ 12 ಗಂಟೆಗೆ ತಂದು ನೋಡಿ. ಎರಡೂ ಮುಳ್ಳು ಒಂದರ ಮೇಲೊಂದು ಬರದಿದ್ದರೆ ಪೆಟ್ಟಿನಿಂದ ಮುಳ್ಳು ಜಾರಿದೆ ಎಂದರ್ಥ. ಬೇಗ ಸರಿಯಾಗುವ ಕೆಲಸ. ವಾಚು ದಿನವೂ ಒಂದೇ ಸಮಯದ ಆಸುಪಾಸಿನಲ್ಲಿ ನಿಲ್ಲುತ್ತಿದ್ದರೆ ಮುಳ್ಳು ಬಾಗಿ ಇನ್ನೊಂದು ಮುಳ್ಳಿಗೋ ಗಾಜಿಗೋ ತಾಗುತ್ತಿದೆ. ಸೆಲ್ ಬದಲಿಸಿದರೆ ಅದು ಹೋಗದು. ಯಾಂತ್ರಿಕ ವಾಚು ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಸಿಕ್ಕಿಕೊಂಡಿರಬಹುದು. ಆಟೊಮ್ಯಾಟಿಕ್ ಅಲುಗಾಡಿಸಿದಾಗ ಕೆರೆಯುವ ಸದ್ದು ಬಂದರೆ ರೋಟರಿನ ಅಕ್ಷ ಸಡಿಲಾಗಿದೆ, ಅದನ್ನು ಕಟ್ಟುವುದು ಅಂದೇ ನಿಲ್ಲಿಸಿ.

ಕ್ರೌನ್ ಮೇಲೆ ಪೆಟ್ಟು ಬಿದ್ದಿದ್ದರೆ ಇನ್ನೊಂದು ಪರೀಕ್ಷೆ ಉಳಿದಿದೆ. ಅದನ್ನು ನಿಧಾನ ತಿರುಗಿಸಿ, ಎದುರಿನಿಂದ ನೋಡಿ. ಗುಂಡಿ ವೃತ್ತಾಕಾರದಲ್ಲಿ ತಿರುಗದೆ ಓಲಾಡಿದರೆ ಒಳಗಿನ ಕಡ್ಡಿ ಬಾಗಿದೆ, ರಬ್ಬರ್ ಉಂಗುರವೂ ಒಂದು ಬದಿಗೆ ಒತ್ತಿಕೊಂಡಿರುತ್ತದೆ. ಮುಂದಿನ ಕೆಲವು ದಿನಗಳಲ್ಲಿ ಗಾಜಿನ ಒಳಗೆ ಮಂಜು ಕಟ್ಟಬಹುದು. ಕಡ್ಡಿ ಬದಲಾಯಿಸುವ ತನಕ ಆ ವಾಚಿಗೆ ಒಂದು ಹನಿ ನೀರೂ ತಾಗಬಾರದು.